ಕರೆದವರು ಒಬ್ಬರು, ಹತ್ತಿದವರು ಇನ್ನೊಬ್ಬರು

ಜುಲೈ ತಿಂಗಳ ಒಂದು ರಾತ್ರಿ, ಎರಡೂಮುಕ್ಕಾಲರ ಹೊತ್ತಿಗೆ, ಕುಂದಾಪುರ ರೈಲು ನಿಲ್ದಾಣದಲ್ಲಿ ನಾಲ್ವರು ದೊಡ್ಡವರೂ ಒಂದು ಮಗುವೂ ಇಳಿದರು. ಗಾಡಿ ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹಗಲು ಹೊರಟದ್ದು. ಎರಡು ಗಂಟೆಗೂ ಹೆಚ್ಚು ತಡವಾಗಿತ್ತು. ಇಳಿದವರಲ್ಲಿ ಒಬ್ಬಾಕೆ ನನ್ನ ಚಿಕ್ಕಮ್ಮನ ಮಗಳು. ಡೊಂಬಿವಿಲಿಯಲ್ಲಿ ಅವಳ ಸಂಸಾರ. ಐದು ವರ್ಷದ ಮಗನನ್ನು ಕರೆದುಕೊಂಡು ಕೋಟೇಶ್ವರದ ತವರಿಗೆ ಹೊರಟಿದ್ದಳು. ಇನ್ನಿಬ್ಬರು ಗಂಗೊಳ್ಳಿಯ ವೃದ್ಧ ದಂಪತಿ, ಮುಂಬೈಯಲ್ಲಿರುವ ಮಗನ ಮನೆಯಿಂದ ಊರಿಗೆ ಮರಳುತ್ತಿದ್ದವರು. ನಾಲ್ಕನೆಯವನು ಬೆನ್ನಿಗೆ ಬ್ಯಾಗು ಹಾಕಿಕೊಂಡಿದ್ದ ಒಬ್ಬ ಯುವಕ. ಹೊರಗೆ ರಿಕ್ಷಾ ಸ್ಟ್ಯಾಂಡು ಖಾಲಿ. ಮಳೆ ಹೊಯ್ಯುತ್ತಿತ್ತು.

ಆ ರಾತ್ರಿ ಏನಾಯಿತೆಂದು ಮೊದಲು ನನ್ನ ತಂಗಿ ಹೇಳಿದಳು. ಕೆಲವು ವಾರಗಳ ಮೇಲೆ ಅದೇ ಸ್ಟ್ಯಾಂಡಿನಲ್ಲಿ ಆ ರಿಕ್ಷಾ ಚಾಲಕನೇ ಸಿಕ್ಕಿ ತನ್ನ ಕಡೆಯ ಮಾತನ್ನೂ ಹೇಳಿದ. ಇಬ್ಬರ ಮಾತೂ ಘಟನೆಯ ಮಟ್ಟಿಗೆ ಹೊಂದುತ್ತದೆ; ಸರಿ–ತಪ್ಪಿನ ವಿಷಯದಲ್ಲಿ ಮಾತ್ರ ಹೊಂದುವುದಿಲ್ಲ. ಅದಕ್ಕೇ ಇದನ್ನು ಬರೆಯಬೇಕೆನಿಸಿತು.

ಅಲ್ಲಿ ರಿಕ್ಷಾ ಏಕೆ ಇರಲಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕುಂದಾಪುರದ ಸ್ಟೇಷನ್ ಇರುವುದು ಊರಿನಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ. ಕರಾವಳಿಯ ಎಷ್ಟೋ ಊರುಗಳ ಕಥೆ ಹೀಗೆಯೇ. 1998ರ ಜನವರಿ 26ರಂದು ಪೂರ್ತಿಯಾಗಿ ಶುರುವಾದ ಕೊಂಕಣ ರೈಲು ದಾರಿ ಹಳೆಯ ಪೇಟೆಗಳ ನಡುವೆ ನುಗ್ಗದೆ, ಪೂರ್ವಕ್ಕೆ ಸರಿದು ಗದ್ದೆ–ಗುಡ್ಡಗಳ ನಡುವೆ ಸಾಗುತ್ತದೆ. ಹಾಗಾಗಿ ಸ್ಟೇಷನ್ನಿನ ಹೊರಗೆ ರಾತ್ರಿ ತೆರೆದಿರುವ ಚಹಾದಂಗಡಿಯೂ ಇಲ್ಲ, ದಾರಿಹೋಕ ವಾಹನವೂ ಇಲ್ಲ. ಬೇರೆ ಗಿರಾಕಿಗಾಗಿ ಅಲ್ಲಿ ಸುತ್ತುತ್ತಿರುವ ರಿಕ್ಷಾ ಸಿಕ್ಕೀತೆಂಬ ಆಸೆಯೇ ಬೇಡ. ಬರುವವನು ಈ ಗಾಡಿಗೆಂದೇ ಬರಬೇಕು.

ಗಾಡಿಗೆಂದು ಬಂದವನಿಗೂ ಮಳೆಗಾಲದಲ್ಲಿ ನೆಚ್ಚಿಕೆಯಿಲ್ಲ. ಜೂನ್ ನಡುವಿನಿಂದ ಅಕ್ಟೋಬರ್‌ವರೆಗೆ ಈ ಮಾರ್ಗಕ್ಕೆ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇದೆ. ಗುಡ್ಡ ಕುಸಿಯುವ ಭಯದಿಂದ ವೇಗ ತಗ್ಗಿಸುತ್ತಾರೆ. ಮಳೆ ಜೋರಾಗಿ ಕಣ್ಣು ಕಾಣದಾದಾಗ ಗಂಟೆಗೆ 40 ಕಿಲೋಮೀಟರಿಗೆ ಇಳಿಸುತ್ತಾರೆ. ನಮ್ಮ ಕಡೆ ಇರುವುದು ಒಂದೇ ಹಳಿ. ಎದುರಿನ ಗಾಡಿ ದಾಟುವವರೆಗೆ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆ ನಿಲ್ಲಬೇಕು. ಹೀಗೆ ನಿಂತೂ ನಿಂತೂ ಅರ್ಧ ಗಂಟೆಯ ತಡ ಎರಡು ಗಂಟೆಯಾಗುತ್ತದೆ. ಆ ರಾತ್ರಿ ಮೂವರು ಚಾಲಕರು ಸ್ಟ್ಯಾಂಡಿನಲ್ಲಿ ಕಾದಿದ್ದರಂತೆ. ಒಂದೂವರೆಯಾದರೂ ಗಾಡಿಯ ಸುದ್ದಿಯಿಲ್ಲ. ಬಂದರೂ ಇಳಿಯುವವರು ಎಷ್ಟು ಮಂದಿ, ಅವರಲ್ಲಿ ಮನೆಯವರೇ ಬಂದು ಕರೆದೊಯ್ಯುವವರು ಎಷ್ಟು ಎಂಬುದು ಗೊತ್ತಿಲ್ಲ. ಒಬ್ಬೊಬ್ಬರೇ ಮನೆಗೆ ಹೋದರು. ಬೆಳಿಗ್ಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಬಾಡಿಗೆ ಅವರಿಗಿರುತ್ತದೆ. ನಿದ್ದೆಗೆಟ್ಟು ಆ ಮಕ್ಕಳನ್ನು ಕೂರಿಸಿಕೊಂಡು ಓಡಿಸುವುದಕ್ಕಿಂತ ಅವರು ಮನೆಗೆ ಹೋಗಿ ಮಲಗಿದ್ದೇ ಸರಿ. ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ.

ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿದ್ದರು. ಮುಂದಿನ ಗಾಡಿಗೆ ಲೈನ್ ಕ್ಲಿಯರ್ ಕೊಡುವ ಹೊಣೆ ಇರುವವರು ಕೋಣೆ ಬಿಟ್ಟು ಹೊರಗೆ ಬಂದು ರಿಕ್ಷಾ ಹುಡುಕಲಾಗದು. ತಮ್ಮ ಕಿಟಕಿಯ ಎದುರಿನ, ಬೆಳಕಿರುವ ಬೆಂಚಿನ ಮೇಲೆ ಕುಳಿತುಕೊಳ್ಳಿ ಎಂದು ಎಲ್ಲರಿಗೂ ಹೇಳಿದರು. ಮಗುವಿನೊಂದಿಗೆ ಒಬ್ಬಳೇ ಬಂದ ಹೆಂಗಸಿಗೆ ಅಷ್ಟೇ ದೊಡ್ಡದು ಎಂದು ನನ್ನ ತಂಗಿ ಎರಡು ಸಲ ಹೇಳಿದಳು.

ಸ್ಟ್ಯಾಂಡಿನ ಕಂಬಕ್ಕೆ ಒಂದು ತಗಡಿನ ಹಲಗೆ ಇದೆ. ಅದರ ಮೇಲೆ ಬಣ್ಣದಲ್ಲಿ ಬರೆದ ಕೆಲವು ಫೋನ್ ನಂಬರುಗಳು. ಮಳೆನೀರು ಇಳಿದಿಳಿದು ಕೆಲವು ಅಂಕಿಗಳು ಅರ್ಧ ಅಳಿಸಿವೆ. ಅದು ನೆನಪಾದದ್ದು ಗಂಗೊಳ್ಳಿಯ ಅಜ್ಜನಿಗೆ. ಕೊಡೆ ಹಿಡಿದು ಹೋಗಿ, ಕತ್ತಲಲ್ಲಿ ಟಾರ್ಚ್ ಬಿಟ್ಟು, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು. ಅವರ ಫೋನಿನ ಚಾರ್ಜು ಕಾರವಾರ ದಾಟುವಾಗಲೇ ಮುಗಿದಿತ್ತು. ಫೋನ್ ಮಾಡಿದವಳು ನನ್ನ ತಂಗಿ. ಮೊದಲ ಎರಡು ನಂಬರು ಎತ್ತಲಿಲ್ಲ. ಮೂರನೆಯದು ಎತ್ತಿತು. "ಕೋಟೇಶ್ವರಕ್ಕೆ ಮುನ್ನೂರ್ ಆತ್ತ್, ಹದ್ನೈದ್ ನಿಮಿಷದಂಗೆ ಬತ್ತೆ" ಎಂದಿತು ಆ ಕಡೆಯ ದನಿ. ಅವಳು ಆಗಲಿ ಎಂದಳು. ಇಲ್ಲಿ ಅಜ್ಜ–ಅಜ್ಜಿಯೂ ಇದ್ದಾರೆ, ಅವರಿಗೂ ಒಂದು ರಿಕ್ಷಾ ಬೇಕೆಂದಳು. "ಬಂದ್ ಕಾಂಬ" ಎಂದು ಅವನು ಇಟ್ಟ.

ಇಷ್ಟೂ ಹೊತ್ತು ಆ ಯುವಕ ಸ್ವಲ್ಪ ದೂರದಲ್ಲಿ ಫೋನ್ ನೋಡುತ್ತ ನಿಂತಿದ್ದ. ಮೊದಲು ಒಂದು ಆ್ಯಪ್‌ನಲ್ಲಿ, ಬಳಿಕ ಇನ್ನೊಂದರಲ್ಲಿ ಗಾಡಿ ಹುಡುಕಿದ. ಯಾವುದೂ ಸಿಗಲಿಲ್ಲ. ರಿಕ್ಷಾದ ಬೆಳಕು ತಿರುವಿನಲ್ಲಿ ಕಂಡದ್ದೇ ಇವನು ಮೆಟ್ಟಿಲು ಇಳಿದು, ಮಳೆಯಲ್ಲೇ ಮುಂದೆ ಹೋಗಿ, ಅದು ನಿಲ್ಲುವ ಮೊದಲೇ ಬಗ್ಗಿ ಮಾತಾಡಿದ. ಪೇಟೆಯ ಶಾಸ್ತ್ರಿ ಸರ್ಕಲ್‌ಗೆ ಐನೂರು ಕೊಡುತ್ತೇನೆ, ಈಗಲೇ ಹೊರಡಿ ಎಂದ. ನನ್ನ ತಂಗಿ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಸೂಟ್‌ಕೇಸ್ ಎಳೆಯುತ್ತ ಬರುವಷ್ಟರಲ್ಲಿ ಅವನು ಒಳಗೆ ಕೂತಾಗಿತ್ತು. ಚಾಲಕ ತಲೆ ಹೊರಗೆ ಹಾಕಿ, "ಅಕ್ಕಾ, ಇವ್ರನ್ನ್ ಬಿಟ್ಟ್ ಅರ್ಧ ಗಂಟೆಯಂಗೆ ಬತ್ತೆ" ಎಂದು ಹೊರಟೇಹೋದ.

ಬರಲಿಲ್ಲವೆಂದಲ್ಲ, ಬಂದ. ನಲವತ್ತು ನಿಮಿಷದ ಮೇಲೆ. ಹೇಳಿದ ಮುನ್ನೂರಕ್ಕೇ ಅವಳನ್ನು ಕೋಟೇಶ್ವರದ ಮನೆಯ ಬಾಗಿಲಿಗೇ ಬಿಟ್ಟ. ಗಂಗೊಳ್ಳಿಗೆ ಒಂಬೈನೂರು ಕೇಳಿದ. "ಬ್ಯಾಡ ಮಗಾ, ಬೆಳ್ಕಾಯ್ಲಿ" ಎಂದರು ಅಜ್ಜ. ಅವರಿಬ್ಬರೂ ಬೆಳಗಿನ ತನಕ ಬೆಂಚಿನ ಮೇಲೆ ಕೂತಿದ್ದರು.

ನಾನು ಈ ಪ್ರಕರಣ ಹೇಳಿದಾಗ ಹೆಚ್ಚಿನವರು ಮೊದಲು ಹಿಡಿಯುವುದು ಬಾಡಿಗೆಯ ಮಾತನ್ನು. ಏಳು ಕಿಲೋಮೀಟರಿಗೆ ಮುನ್ನೂರೇ, ಇಪ್ಪತ್ತು ಕಿಲೋಮೀಟರಿಗೆ ಒಂಬೈನೂರೇ, ಸುಲಿಗೆ ಅಲ್ಲವೇ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಜಿಲ್ಲೆ ಜಿಲ್ಲೆಗೂ ದರ ಬೇರೆ ಇರುವುದರಿಂದ, ಅಳತೆಗೋಲಿಗಾಗಿ ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದರವನ್ನು ಇಟ್ಟುಕೊಳ್ಳುತ್ತೇನೆ: ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಏಳು ಕಿಲೋಮೀಟರಿಗೆ ಹಗಲು 126, ರಾತ್ರಿ 189. ಇದು ಮೀಟರಿನ ಲೆಕ್ಕ. ಆದರೆ ಮೀಟರು ಶುರುವಾಗುವುದು ಗಿರಾಕಿ ಹತ್ತಿದ ಮೇಲೆ. ದೊಡ್ಡ ನಗರದಲ್ಲಿ ಒಬ್ಬನನ್ನು ಇಳಿಸಿದ ಕಡೆಯೇ ಇನ್ನೊಬ್ಬ ಸಿಗುತ್ತಾನೆ ಎಂಬ ನಂಬಿಕೆಯ ಮೇಲೆ ಆ ದರ ನಿಂತಿದೆ. ಇವನು ಮನೆಯಿಂದ ಸ್ಟೇಷನ್ನಿಗೆ ಮೂರು ಕಿಲೋಮೀಟರ್ ಖಾಲಿ ಬಂದವನು, ಕೋಟೇಶ್ವರದಿಂದ ಮನೆಗೆ ಮತ್ತೆ ಖಾಲಿ ಹೋಗುವವನು. ಏಳು ಕಿಲೋಮೀಟರಿನ ಬಾಡಿಗೆಗೆ ಅವನ ರಿಕ್ಷಾ ಅದರ ಎರಡರಷ್ಟು ಓಡುತ್ತದೆ. ಜೊತೆಗೆ ಹಾಸಿಗೆಯಿಂದ ಎದ್ದು ಬಂದದ್ದು. ಮೀಟರಿಗಿಂತ ನೂರಹನ್ನೊಂದು ರೂಪಾಯಿ ಹೆಚ್ಚು ಕೇಳಿದ್ದನ್ನು ಸುಲಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದನ್ನು ಅವನು ಫೋನಿನಲ್ಲೇ, ಬೇಡವೆನ್ನಲು ಅವಳಿಗೆ ಅವಕಾಶ ಇರುವಾಗಲೇ ಹೇಳಿದ. ಅರ್ಧ ದಾರಿಯಲ್ಲಿ ನಿಲ್ಲಿಸಿ ಹೇಳಿದ್ದರೆ ಅದೇ ಮುನ್ನೂರು ಬೇರೆ ಮಾತಾಗುತ್ತಿತ್ತು.

ಗಂಗೊಳ್ಳಿಯ ಲೆಕ್ಕವೂ ಹೀಗೇ. ಕುಂದಾಪುರದ ಹೊಳೆದಂಡೆಯಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ರಸ್ತೆ ಹಿಡಿದರೆ ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗಬೇಕು. ಸ್ಟೇಷನ್ನಿನಿಂದ ಸುಮಾರು 20 ಕಿಲೋಮೀಟರ್ ಎಂದಿಟ್ಟರೆ ರಾತ್ರಿಯ ಮೀಟರು 540. ಅಷ್ಟೇ ದೂರ ಖಾಲಿ ವಾಪಸು. ಒಂಬೈನೂರು ಕೇಳಿದ್ದರಲ್ಲಿ ಅನ್ಯಾಯ ಕಾಣುವುದಿಲ್ಲ.

ಆದರೆ ಚಾಲಕ ತಪ್ಪು ಮಾಡಿಲ್ಲವೇ ಎಂದರೆ, ಮಾಡಿದ್ದಾನೆ. ಅದು ಬಾಡಿಗೆಯಲ್ಲಿಲ್ಲ, ಫೋನಿನಲ್ಲಿ ಆಡಿದ ಮಾತಿನಲ್ಲಿದೆ. ಸ್ಟ್ಯಾಂಡಿನಲ್ಲಿ ಅವನನ್ನು ಕಂಡಾಗ ನಾನು ಇದನ್ನೇ ಕೇಳಿದೆ. ಅವನು ಮುಚ್ಚಿಡಲಿಲ್ಲ. "ಅಕ್ಕ ಫೋನ್ ಮಾಡದ್ದ್ ಹೌದ್ ಮಾರ್ರೆ. ಅಲ್ಲಿ ನಿಂತವ್ರ್ ಎಲ್ಲ ಗಿರಾಕಿಯೇ ಅಲ್ದಾ? ಐನೂರ್ ಕೊಡ್ತೆ ಅಂದ್ರೆ ಯಾರ್ ಬ್ಯಾಡ ಅಂತ್ರ್? ಅಕ್ಕನ್ನ ನಾ ಬಿಟ್ಟ್ ಹೋಯ್ಲಿಲ್ಲೆ, ಬಂದೆ ಅಲ್ದಾ?"

ಅವನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಒಂದೇ ರಾತ್ರಿ ಎಂಟುನೂರು ದುಡಿದ. ಯಾರನ್ನೂ ನಡುನೀರಿನಲ್ಲಿ ಕೈಬಿಡಲಿಲ್ಲ. ಎರಡನೆಯ ಸಲ ಬಂದಾಗ ಬಾಡಿಗೆ ಏರಿಸಲೂ ಇಲ್ಲ. ಸ್ಟ್ಯಾಂಡಿನಲ್ಲಿ ಹಗಲು ಸರದಿ ಎಂಬುದೊಂದಿದೆ. ಮೊದಲು ಬಂದ ರಿಕ್ಷಾಕ್ಕೆ ಮೊದಲ ಬಾಡಿಗೆ. ಸರದಿ ಮುರಿದು ಗಿರಾಕಿಯನ್ನು ಹತ್ತಿಸಿಕೊಂಡವನ ಮೇಲೆ ಉಳಿದ ಚಾಲಕರೆಲ್ಲ ಏರಿಹೋಗುತ್ತಾರೆ. "ಹಗಲು ಇನ್ನೊಬ್ಬ ನಿನ್ನ ಸರದಿ ಮುರಿದರೆ ಒಪ್ಪುತ್ತೀಯಾ" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ರಿಕ್ಷಾದವರ ಸರದಿ, ಪ್ಯಾಸೆಂಜರಿಗೆ ಸರದಿ ಎಲ್ಲಿದೆ ಎಂದ.

ಇದೆ ಎಂಬುದೇ ನನ್ನ ಮಾತು. ಅವಳು ಕರೆಯದೆ ಇದ್ದಿದ್ದರೆ ಆ ರಿಕ್ಷಾ ಆ ಹೊತ್ತಿಗೆ ಅಲ್ಲಿರುತ್ತಿರಲಿಲ್ಲ. ಹಗಲು ಸ್ಟ್ಯಾಂಡಿನಲ್ಲಿ ನಿಂತ ರಿಕ್ಷಾ ಯಾರದ್ದೂ ಅಲ್ಲ, ಬಂದವರು ಹತ್ತಬಹುದು. ಮಧ್ಯರಾತ್ರಿ ಒಬ್ಬರ ಕರೆಗೆ ಎದ್ದು ಬಂದ ರಿಕ್ಷಾ ಹಾಗಲ್ಲ. ಬಾಡಿಗೆ ಹೇಳಿ, ಒಪ್ಪಿಸಿಕೊಂಡು, ಬರುತ್ತೇನೆ ಎಂದ ಕ್ಷಣದಿಂದ ಅದು ಬಾಡಿಗೆಗೆ ಹೋಗಿಯಾಗಿದೆ. ಅವಳು ಮುನ್ನೂರಕ್ಕೆ ಒಪ್ಪಿದ ಮೇಲೆ ಬೇರೆ ನಂಬರುಗಳಿಗೆ ಫೋನ್ ಮಾಡುವುದನ್ನು ನಿಲ್ಲಿಸಿದಳು. ತನಗೆ ರಿಕ್ಷಾ ಸಿಕ್ಕಿತೆಂದು ನಂಬಿ ತವರಿಗೂ ಹೇಳಿದಳು. ಇಲ್ಲವಾದರೆ ಅವಳ ಅಣ್ಣ ಯಾರದ್ದಾದರೂ ಬೈಕ್ ಕೇಳಿ ಹೊರಡುತ್ತಿದ್ದ. ಅವನ ಮಾತಿನ ಮೇಲೆ ಭಾರ ಹಾಕಿ ಅವಳು ತನ್ನ ಉಳಿದ ದಾರಿಗಳನ್ನೆಲ್ಲ ಮುಚ್ಚಿಕೊಂಡಿದ್ದಳು. ಆ ನಲವತ್ತು ನಿಮಿಷ ಅವನು ಮತ್ತೆ ಬರುತ್ತಾನೋ ಇಲ್ಲವೋ ಎಂದು ಅವಳಿಗೆ ಗೊತ್ತಿರಲಿಲ್ಲ. ಬಂದದ್ದರಿಂದ ಕೇಡು ತಪ್ಪಿತು. ಆದರೆ ಅವಳ ಸರದಿಯನ್ನು ಇನ್ನೂರು ರೂಪಾಯಿ ಹೆಚ್ಚಿಗೆ ಮಾರಿದ ವ್ಯವಹಾರ, ಅವನು ಬಂದ ಮಾತ್ರಕ್ಕೆ ಆಗಲೇ ಇಲ್ಲವೆಂದಾಗುವುದಿಲ್ಲ.

ಯುವಕನ ತಪ್ಪು ಇದಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ, ಮತ್ತು ಜನ ಅದನ್ನು ತಪ್ಪೆಂದೇ ಎಣಿಸದಿರುವುದು ಕಳವಳದ ಮಾತು. ದುಡ್ಡು ಅವನದು, ಅವಸರ ಅವನದು, ಹೆಚ್ಚು ಕೊಟ್ಟ, ಹೋದ, ಅದರಲ್ಲೇನು ಎಂದು ನನ್ನ ಗೆಳೆಯರೊಬ್ಬರು ವಾದಿಸಿದರು. ಕೊಡುವ ಕೈ ತೂಕದ್ದಾದರೆ ಅಲ್ಲಿಗೆ ಎಲ್ಲ ಸರಿಹೋಯಿತು ಎಂಬ ಈ ಭಾವನೆ ನಮ್ಮಲ್ಲಿ ಬಹಳ ಬೇರುಬಿಟ್ಟಿದೆ. ಅಜ್ಜ ಮಳೆಯಲ್ಲಿ ನಂಬರು ಓದಿದ್ದನ್ನು ಅವನು ನೋಡಿದ್ದ. ಇವಳು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದ. ಆ ರಿಕ್ಷಾ ಯಾರಿಗಾಗಿ ಬರುತ್ತಿದೆ ಎಂಬುದು ಅವನಿಗೆ ಪೂರ್ತಿ ಗೊತ್ತಿತ್ತು. ಚಾಲಕನಿಗಾದರೋ ನಿದ್ದೆಗಣ್ಣಿನಲ್ಲಿ, ಮಳೆಯಲ್ಲಿ, ಒಂದು ಕ್ಷಣದಲ್ಲಿ ತೀರ್ಮಾನಿಸಬೇಕಾಯಿತು. ಇವನು ಹದಿನೈದು ನಿಮಿಷ ಯೋಚಿಸಿಯೇ ಮೆಟ್ಟಿಲು ಇಳಿದದ್ದು. ಐನೂರರ ಮಾತು ಅವನು ಬಾಡಿಗೆಯಾಗಿ ಹೇಳಿದ್ದಲ್ಲ. ಐದು ಕಿಲೋಮೀಟರಿಗೆ ರಾತ್ರಿಯ ಮೀಟರು 135. ಖಾಲಿ ಓಡಾಟ ಸೇರಿಸಿದರೂ ಇನ್ನೂರೈವತ್ತು ದಾಟದು. ಉಳಿದ ಇನ್ನೂರೈವತ್ತು, ಇನ್ನೊಬ್ಬರನ್ನು ಹಿಂದೆ ತಳ್ಳುವುದಕ್ಕೆ ಕೊಟ್ಟದ್ದು.

ನ್ಯಾಯದ ದಾರಿ ಕಷ್ಟದ್ದೂ ಆಗಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಸ್ಟೇಷನ್ನಿನ ರಸ್ತೆ ಹೆದ್ದಾರಿಗೆ ಸೇರುವುದು ಬಸ್ರೂರು ಮೂರ್ಕೈಯಲ್ಲಿ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ಹೋದರೆ ಶಾಸ್ತ್ರಿ ಸರ್ಕಲ್, ದಕ್ಷಿಣಕ್ಕೆ ಹೋದರೆ ಕೋಟೇಶ್ವರ. ಇಬ್ಬರಿಗೂ ಅರ್ಧಕ್ಕಿಂತ ಹೆಚ್ಚು ದಾರಿ ಒಂದೇ. ರಿಕ್ಷಾಕ್ಕೆ ಮೂವರ ಪರವಾನಗಿ. ತಾಯಿ, ಮಗು, ಯುವಕ. ಮೊದಲು ಯುವಕನನ್ನು ಪೇಟೆಯಲ್ಲಿ ಇಳಿಸಿ, ತಿರುಗಿ ಅವಳನ್ನು ಮನೆಗೆ ಬಿಡಬಹುದಿತ್ತು. ಯುವಕನನ್ನು ಮೊದಲು ಇಳಿಸುವುದು ಮುಖ್ಯ, ಅವಳ ಮನೆಯ ದಾರಿ ಅಪರಿಚಿತನಿಗೆ ತೋರಿಸಬೇಕಾಗಿಲ್ಲ. ಅವನು ಇನ್ನೂರು ಕೊಟ್ಟು ಅವಳು ಮುನ್ನೂರು ಕೊಟ್ಟಿದ್ದರೂ ಚಾಲಕನಿಗೆ ಒಂದೇ ಸುತ್ತಿನಲ್ಲಿ ಐನೂರು ಸಿಗುತ್ತಿತ್ತು, ಆಮೇಲೆ ಅಜ್ಜ–ಅಜ್ಜಿಯ ಬಳಿಗೆ ಮರಳುತ್ತಿದ್ದ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ಗಟ್ಟಿಯಾದದ್ದೂ ಹೌದು. ಆ ಹೊತ್ತಿನಲ್ಲಿ ಒಬ್ಬ ಅಪರಿಚಿತ ಗಂಡಸಿನ ಜೊತೆ ಕತ್ತಲ ದಾರಿಯಲ್ಲಿ ಹೋಗಲು ಒಬ್ಬಳೇ ಬಂದ ಹೆಂಗಸು ಏಕೆ ಒಪ್ಪಬೇಕು? ಒಪ್ಪಲೇಬೇಕೆಂದು ಯಾರೂ ಹೇಳುವಂತಿಲ್ಲ. ಕೇಳುವವನು ಅವಳು ಬೇಡವೆಂದರೆ ಬೇಸರಪಡದೆ ಹಿಂದೆ ಸರಿಯುವಂತೆ ಕೇಳಬೇಕು: ತಾನು ಯಾರು, ಎಲ್ಲಿ ಇಳಿಯುತ್ತೇನೆ ಎಂದು ದೂರದಿಂದಲೇ ಹೇಳಬೇಕು, ಮುಂದೆ ಕೂರಲೂ ಸಿದ್ಧ ಎನ್ನಬೇಕು, ಅವಳು ಮನೆಗೆ ಫೋನ್ ಮಾಡಿ ತಿಳಿಸುವವರೆಗೆ ಕಾಯಬೇಕು. ನನ್ನ ತಂಗಿಯನ್ನೇ ಕೇಳಿದೆ, ನೀನು ಏನನ್ನುತ್ತಿದ್ದೆ ಎಂದು. "ಕೇಂಡಿರೆ ಹೂಂ ಅಂತಿದ್ದೆ. ಅಜ್ಜ–ಅಜ್ಜಿ ಕಾಂತಿದ್ರ್, ಸ್ಟೇಷನ್ ಮಾಸ್ಟ್ರ್ ಇದ್ರ್. ಯಾರೂ ಕೇಣ್ಲೇ ಇಲ್ಲೆ" ಎಂದಳು.

ಇನ್ನು ಅಜ್ಜ–ಅಜ್ಜಿಯ ವಿಷಯ. ಈ ಪ್ರಕರಣದಲ್ಲಿ ಅತಿ ಹೆಚ್ಚು ಕಷ್ಟಪಟ್ಟವರು ಅವರೇ, ಮತ್ತು ಅವರಿಗೆ ಯಾರೂ ಮೋಸ ಮಾಡಲಿಲ್ಲ. ನಂಬರು ಹುಡುಕಿದವರು ಅವರು. ಆ ನಂಬರಿನಿಂದ ಇಬ್ಬರು ಮನೆ ಸೇರಿದರು. ಯುವಕ ತಾಳ್ಮೆಯಿಂದ ಇದ್ದಿದ್ದರೂ, ಚಾಲಕ ಮಾತು ಉಳಿಸಿಕೊಂಡಿದ್ದರೂ ಅವರು ಬೆಂಚಿನ ಮೇಲೇ ಬೆಳಗು ಮಾಡುತ್ತಿದ್ದರು. ಏಕೆಂದರೆ ಒಂಬೈನೂರು ನ್ಯಾಯವಾದ ಬಾಡಿಗೆಯಾದರೂ ಅವರ ಕೈಗೆ ಎಟುಕುವ ಬಾಡಿಗೆಯಲ್ಲ. ಬೆಳಗಿನ ಬಸ್ಸಿಗೆ ಅದರ ಹತ್ತಿರಕ್ಕೂ ಬಾರದಷ್ಟು ಕಡಿಮೆ ಸಾಕಾಗುವಾಗ ಎರಡು ಗಂಟೆ ಕೂರುವುದೇ ಸರಿ ಎಂದು ಅವರು ಎಣಿಸಿದರು. ನನ್ನ ತಂಗಿ ತಾನು ಅರ್ಧ ಕೊಡುತ್ತೇನೆ ಎಂದಳಂತೆ. ಅಜ್ಜಿ ಅವಳ ಕೈ ಹಿಡಿದು, ಮಗು ಒದ್ದೆಯಾಗುತ್ತಿದೆ, ನೀನು ಹೋಗು ಎಂದರಂತೆ. ಎಪ್ಪತ್ತು ದಾಟಿದವರು ಮಳೆಗಾಳಿಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕೂರುವ ಎರಡು ಗಂಟೆ, ಇಪ್ಪತ್ತೈದರವನು ಕೂರುವ ಎರಡು ಗಂಟೆಯಂತಲ್ಲ. ಅಲ್ಲಿ ಕಾಯಬಲ್ಲವನು ಒಬ್ಬನೇ ಇದ್ದ, ಅವನೇ ಮೊದಲು ಹೋದ.

ಅವರ ಮಗನ ಬಗ್ಗೆಯೂ ನಾನು ಯೋಚಿಸುತ್ತೇನೆ. ಅಕ್ಕರೆಯ ಮಗನೇ ಇರಬೇಕು. ಇಬ್ಬರಿಗೂ ಕೆಳಗಿನ ಬರ್ತ್ ಸಿಗುವಂತೆ ಮುಂಚೆಯೇ ಟಿಕೆಟ್ ಮಾಡಿಸಿದ್ದ, ಊಟ ಕಟ್ಟಿಸಿ ಕೊಟ್ಟಿದ್ದ, ಕುರ್ಲಾದಲ್ಲಿ ಬಂದು ಹತ್ತಿಸಿ ಹೋಗಿದ್ದ ಎಂದು ಅಜ್ಜ ಹೆಮ್ಮೆಯಿಂದ ಹೇಳಿದರಂತೆ. ಊರಿಗೆ ಹಿರಿಯರನ್ನು ಕಳಿಸುವಾಗ ನಾವೆಲ್ಲ ಹೀಗೇ ಮಾಡುತ್ತೇವೆ: ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಲೆಕ್ಕ ಹಾಕಿ, ಅಲ್ಲಿಂದ ಮುಂದೆ ಏನಾದರೂ ಸಿಗುತ್ತದೆ ಎಂದು ಬಿಡುತ್ತೇವೆ. ಮುಂಬೈಯಿಂದ ಕುಂದಾಪುರಕ್ಕೆ ಒಬ್ಬರ ಸ್ಲೀಪರ್ ಟಿಕೆಟ್ಟಿಗಿಂತ ಆ ಕೊನೆಯ ಇಪ್ಪತ್ತು ಕಿಲೋಮೀಟರಿನ ಬಾಡಿಗೆ ಹೆಚ್ಚು. ಅದನ್ನು ಮುಂಬೈಯಿಂದಲೇ ಕೊಡಬಹುದಿತ್ತು. ಸ್ಟ್ಯಾಂಡಿನ ಒಬ್ಬ ಚಾಲಕನ ನಂಬರು ಮುಂಚೆಯೇ ಪಡೆದು, ಬಾಡಿಗೆ ಮಾತಾಡಿ, ಫೋನಿನಲ್ಲೇ ಹಣ ಹಾಕಿ, ಗಾಡಿ ಭಟ್ಕಳ ದಾಟಿದಾಗ ಅವನಿಗೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ಗಾಡಿ ಎಷ್ಟೇ ತಡವಾಗಲಿ, ಭಟ್ಕಳದಿಂದ ಕರೆದರೆ ಚಾಲಕನಿಗೆ ಎದ್ದು ಬರಲು ಹೊತ್ತಿರುತ್ತದೆ, ಸ್ಟ್ಯಾಂಡಿನಲ್ಲಿ ಬಂದು ಸುಮ್ಮನೆ ಕಾಯಬೇಕಾಗಿಲ್ಲ. ಆ ಚಾಲಕನೇ ನನಗೆ ಇದನ್ನು ಹೇಳಿದ್ದು. ಈಗ ಮುಂಬೈಯ ಮೂರು ಮನೆಗಳವರು ಹಾಗೆ ಮಾಡುತ್ತಾರಂತೆ, ಅವರ ಅಪ್ಪ–ಅಮ್ಮ ಬರುವ ರಾತ್ರಿ ಬೇರೆ ಯಾರು ಎಷ್ಟು ಕೊಡುತ್ತೇನೆಂದರೂ ಹತ್ತಿಸುವುದಿಲ್ಲವಂತೆ.

ದುಡ್ಡು ಮೊದಲೇ ಬಂದದ್ದಕ್ಕೋ, ಮಾತು ಕೊಟ್ಟದ್ದಕ್ಕೋ ಎಂದು ಕೇಳಿದೆ. ಅಷ್ಟರಲ್ಲಿ ಬಸ್ರೂರಿಗೆ ಹೋಗುವ ಇಬ್ಬರು ಬಂದರು. ಸರದಿಯಲ್ಲಿ ಅವನ ರಿಕ್ಷಾ ಮುಂದಿತ್ತು, ಹತ್ತಿಸಿಕೊಂಡು ಹೋದ.